ಇಲ್ಲ ಅಂದರೂ ಉಳಿಯುವ ಮಾತು: ಪೂರ್ವಗೃಹೀತವನ್ನು ಹಿಡಿಯುವುದು, ಹಿಂಬಾಲಿಸುವುದು ಹೇಗೆ

"ಗೀತಾ ಡೈರಿ ಬರೆಯುವುದನ್ನು ನಿಲ್ಲಿಸಿದಳು."

ಈ ಒಂದೇ ವಾಕ್ಯದಲ್ಲಿ ಎರಡು ಸಂಗತಿ ಇವೆ. ಗೀತಾ ಈಗ ಡೈರಿ ಬರೆಯುತ್ತಿಲ್ಲ ಎನ್ನುವುದು ಹೇಳಿದ ಸಂಗತಿ. ಅವಳು ಹಿಂದೆ ಬರೆಯುತ್ತಿದ್ದಳು ಎನ್ನುವುದನ್ನು ಯಾರೂ ಹೇಳಲಿಲ್ಲ, ಆದರೆ ಅದನ್ನು ಒಪ್ಪಿಕೊಳ್ಳದೆ ವಾಕ್ಯ ಮುಂದಕ್ಕೆ ಹೋಗುವುದಿಲ್ಲ. ಹೀಗೆ ಮಾತು ಶುರುವಾಗುವ ಮೊದಲೇ ಒಪ್ಪಿತವೆಂದು ಹಿಡಿದ ಸಂಗತಿಯನ್ನು ಭಾಷಾವಿಜ್ಞಾನದಲ್ಲಿ ಪ್ರಿಸಪೊಸಿಷನ್ ಅನ್ನುತ್ತಾರೆ. ನಾನಿಲ್ಲಿ ಪೂರ್ವಗೃಹೀತ ಎನ್ನುತ್ತೇನೆ. ಅದನ್ನು ಹೊತ್ತು ತರುವ ಪದ ಅಥವಾ ರಚನೆ, ಇಲ್ಲಿ "ನಿಲ್ಲಿಸು", ಅದರ ಟ್ರಿಗರ್.

ವಾಕ್ಯವನ್ನು ನಿಷೇಧಿಸಿದಾಗ, ಪ್ರಶ್ನೆ ಮಾಡಿದಾಗ, "-ರೆ" ಹಚ್ಚಿ ಷರತ್ತು ಮಾಡಿದಾಗ ಹೇಳಿದ ಸಂಗತಿ ಅಳಿಸಿಹೋಗುತ್ತದೆ, ಪೂರ್ವಗೃಹೀತ ಮಾತ್ರ ದಾಟಿ ಹೊರಬರುತ್ತದೆ. ಈ ದಾಟುವಿಕೆಗೆ ಪ್ರೊಜೆಕ್ಷನ್ ಎಂದು ಹೆಸರು. ನಿಷೇಧದ ಸಂಗತಿಯನ್ನು ಜರ್ಮನ್ ತತ್ವಜ್ಞಾನಿ ಗಾಟ್‌ಲೋಬ್ ಫ್ರೇಗ 1892ರಲ್ಲೇ ಗಮನಿಸಿದ್ದರು. ಅವರ ಉದಾಹರಣೆ ಇದು. ಕೆಪ್ಲರ್ ಕಷ್ಟದಲ್ಲಿ ಸತ್ತ ಅನ್ನಿ, ಸಾಯಲಿಲ್ಲ ಅನ್ನಿ, ಕೆಪ್ಲರ್ ಎಂಬ ಹೆಸರಿನವನೊಬ್ಬ ಇದ್ದ ಎನ್ನುವುದು ಎರಡರಲ್ಲೂ ಉಳಿಯುತ್ತದೆ. ಕೈಯಲ್ಲಿರುವ ಕನ್ನಡ ವಾಕ್ಯವೊಂದರಿಂದ ಪೂರ್ವಗೃಹೀತವನ್ನು ಹೇಗೆ ಬಿಡಿಸಿ ತೆಗೆಯಬೇಕು, ಅದು ಎಲ್ಲಿ ದಾಟುತ್ತದೆ, ಎಲ್ಲಿ ತಡೆದು ನಿಲ್ಲುತ್ತದೆ ಎಂದು ನೋಡುವ ಕ್ರಮವನ್ನು ಮುಂದೆ ಬರೆದಿದ್ದೇನೆ.

ಮೊದಲ ಹೆಜ್ಜೆ: ಅನುಮಾನವಿರುವ ಸಂಗತಿಯನ್ನು ಬೇರೆ ವಾಕ್ಯವಾಗಿ ಬರೆದುಕೊಳ್ಳಿ

ಮನಸ್ಸಿನಲ್ಲೇ ಇಟ್ಟುಕೊಂಡು ಪರೀಕ್ಷೆ ಮಾಡಬೇಡಿ, ಜಾರಿಹೋಗುತ್ತದೆ. ಕಾಗದದ ಮೇಲೆ ಮೂಲ ವಾಕ್ಯ ಬರೆಯಿರಿ. ಅದರ ಕೆಳಗೆ "ಗೀತಾ ಹಿಂದೆ ಡೈರಿ ಬರೆಯುತ್ತಿದ್ದಳು" ಎಂದು ಪೂರ್ಣ ವಾಕ್ಯವಾಗಿ ಬರೆಯಿರಿ. ಈಗ ಮೂಲ ವಾಕ್ಯದ ಮೂರು ರೂಪ ಮಾಡಿ:

ಗೀತಾ ಡೈರಿ ಬರೆಯುವುದನ್ನು ನಿಲ್ಲಿಸಿಲ್ಲ.
ಗೀತಾ ಡೈರಿ ಬರೆಯುವುದನ್ನು ನಿಲ್ಲಿಸಿದಳಾ?
ಗೀತಾ ಡೈರಿ ಬರೆಯುವುದನ್ನು ನಿಲ್ಲಿಸಿದ್ದರೆ, ನನಗೆ ಬೇಸರವಾಗುತ್ತದೆ.

ಒಂದೊಂದನ್ನೂ ಗೀತಾಳ ಪರಿಚಯವೇ ಇಲ್ಲದ ಒಬ್ಬರು ಕೇಳಿಸಿಕೊಂಡರು ಎಂದುಕೊಳ್ಳಿ. ಅವಳು ಈಗ ಬರೆಯುತ್ತಾಳೋ ಇಲ್ಲವೋ ಎನ್ನುವುದು ಅವರಿಗೆ ವಾಕ್ಯದಿಂದ ವಾಕ್ಯಕ್ಕೆ ಬದಲಾಗುತ್ತದೆ ಅಥವಾ ತಿಳಿಯುವುದೇ ಇಲ್ಲ. ಆದರೆ ಹಿಂದೆ ಬರೆಯುತ್ತಿದ್ದಳು ಎನ್ನುವುದು ಮೂರರಿಂದಲೂ ಗೊತ್ತಾಗುತ್ತದೆ. ಮೂರರಲ್ಲೂ ಉಳಿದದ್ದು ಪೂರ್ವಗೃಹೀತ.

ಹೋಲಿಕೆಗೆ "ಗೀತಾ ಎರಡು ಡೈರಿ ಕೊಂಡಳು" ತೆಗೆದುಕೊಳ್ಳಿ. ಅವಳು ಡೈರಿ ಕೊಂಡಳು ಎನ್ನುವುದು ಇದರಿಂದಲೂ ಸಿಗುತ್ತದೆ. ಆದರೆ "ಗೀತಾ ಎರಡು ಡೈರಿ ಕೊಂಡಳಾ?" ಎಂದು ಕೇಳಿದ ಕೂಡಲೇ ಆ ಖಾತ್ರಿ ಹೋಯಿತು. ಅವಳು ಒಂದೂ ಕೊಂಡಿರದಿರಬಹುದು. ಅಂದರೆ ಅದು ವಾಕ್ಯದಿಂದ ಫಲಿಸುವ ಅರ್ಥ ಮಾತ್ರ, ಪೂರ್ವಗೃಹೀತವಲ್ಲ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಸಾದಾ ವಾಕ್ಯವೊಂದನ್ನೇ ನೋಡಿ ತೀರ್ಮಾನಕ್ಕೆ ಬಂದುಬಿಡುತ್ತಾರೆ.

ಇನ್ನೊಂದು ಅಡ್ಡಪರೀಕ್ಷೆ ಕಾಯ್ ಫಾನ್ ಫಿಂಟೆಲ್ ಅವರ 2004ರ ಲೇಖನದಿಂದ ಹೆಚ್ಚು ಬಳಕೆಗೆ ಬಂತು. ಕೇಳಿದವರು ಮಾತಿಗೆ ಎಲ್ಲಿ ತಡೆ ಹಾಕುತ್ತಾರೆ ಎಂದು ನೋಡುವುದು ಅದರ ತಿರುಳು. ನಮ್ಮಲ್ಲಿ "ಇರು ಇರು, ಅವಳು ಡೈರಿ ಬರೀತಿದ್ದಳಾ? ನಂಗೆ ಗೊತ್ತೇ ಇರಲಿಲ್ಲ" ಎನ್ನುವ ತಡೆ ಸಹಜವಾಗಿ ಬರುತ್ತದೆ. ಹೇಳಿದ ಸಂಗತಿಗಾದರೆ "ಹೌದಾ?" ಅಥವಾ "ಇಲ್ಲ ಬಿಡು, ಸುಳ್ಳು" ಸಾಕು. "ಸುಳ್ಳು" ಅಂದಾಗ ಏನು ಸುಳ್ಳಾಯಿತು ನೋಡಿ. ನಿಲ್ಲಿಸಿದ್ದು ಸುಳ್ಳಾಯಿತು, ಹಿಂದೆ ಬರೆಯುತ್ತಿದ್ದದ್ದಲ್ಲ. ಒಂದು ಬರಿಯ "ಸುಳ್ಳು" ಪೂರ್ವಗೃಹೀತವನ್ನು ಮುಟ್ಟುವುದಿಲ್ಲ, ಅದನ್ನು ಅಲ್ಲಗಳೆಯಲು ಮಾತನ್ನೇ ನಿಲ್ಲಿಸಬೇಕಾಗುತ್ತದೆ.

ಎರಡನೆಯ ಹೆಜ್ಜೆ: ಟ್ರಿಗರ್ ಯಾವುದೆಂದು ಬೆರಳಿಟ್ಟು ತೋರಿಸಿ

ಪರಿಣಾಮ ಕಂಡಮೇಲೆ ಕಾರಣ ಹುಡುಕಿ. ಒಂದೊಂದೇ ಪದ ಬದಲಿಸುತ್ತ ಹೋದರೆ ಯಾವುದನ್ನು ತೆಗೆದಾಗ ಪೂರ್ವಗೃಹೀತ ಮಾಯವಾಗುತ್ತದೋ ಅದೇ ಟ್ರಿಗರ್. ಕನ್ನಡದಲ್ಲಿ ಪದೇಪದೇ ಸಿಗುವವು ಇವು: ನಿಲ್ಲಿಸು, ಬಿಡು, ಮುಂದುವರಿಸು ಥರದ ಸ್ಥಿತಿ ಬದಲಾವಣೆಯ ಕ್ರಿಯಾಪದಗಳು, "ಮತ್ತೆ", "ಇನ್ನೂ", ಸೇರಿಸಿ ಹೇಳುವ "-ಊ", "ಆ ಪುಸ್ತಕ", "ಅವನ ತಂಗಿ" ಥರದ ನಿರ್ದಿಷ್ಟ ನಾಮಪದಗಳು, "-ದ್ದು" ಎಂದು ಮುಗಿಯುವ ಕೃದಂತಗಳು.

ಕೊನೆಯದರಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಕನ್ನಡದ ಸೂಕ್ಷ್ಮ ಬಹಳಷ್ಟು ಅಲ್ಲಿದೆ. ಈ ಎರಡು ವಾಕ್ಯ ಓದಿ:

ಬಾಗಿಲು ಹಾಕಿದ್ದನ್ನು ಮರೆತೆ.
ಬಾಗಿಲು ಹಾಕುವುದನ್ನು ಮರೆತೆ.

ಮೊದಲನೆಯದರಲ್ಲಿ ಬಾಗಿಲು ಹಾಕಿದೆ, ಹಾಕಿದ ನೆನಪು ಇಲ್ಲ. ಎರಡನೆಯದರಲ್ಲಿ ಬಾಗಿಲು ತೆರೆದೇ ಇದೆ. ಎರಡೂ ವಾಕ್ಯ ಬಾಗಿಲಿನ ಬಗ್ಗೆ ಖಚಿತವಾಗಿ ಏನೋ ತಿಳಿಸುತ್ತವೆ, ಹಾಗಾಗಿ ಎರಡೂ ಪೂರ್ವಗೃಹೀತವೇ ಇರಬೇಕು ಅನಿಸುತ್ತದೆ. ನಿಷೇಧಿಸಿ ನೋಡಿ. "ಬಾಗಿಲು ಹಾಕಿದ್ದನ್ನು ಮರೆತಿಲ್ಲ" ಎಂದರೂ ಬಾಗಿಲು ಹಾಕಿಯೇ ಇದೆ. "ಬಾಗಿಲು ಹಾಕುವುದನ್ನು ಮರೆಯಲಿಲ್ಲ" ಎಂದಾಗ ಮಾತ್ರ ತೆರೆದಿದ್ದ ಬಾಗಿಲು ಮುಚ್ಚಿಕೊಂಡಿತು! ನಿಷೇಧಕ್ಕೆ ಅಲುಗಾಡದ್ದು ಪೂರ್ವಗೃಹೀತ. ನಿಷೇಧದೊಂದಿಗೆ ತಿರುಗಿ ನಿಂತದ್ದು ಬರೀ ಫಲಿತಾರ್ಥ. ಕ್ರಿಯಾಪದ ಎರಡರಲ್ಲೂ "ಮರೆ" ಒಂದೇ. ವ್ಯತ್ಯಾಸ ತಂದದ್ದು "ಹಾಕಿದ್ದು" ಮತ್ತು "ಹಾಕುವುದು". ಆದ್ದರಿಂದ ಟ್ರಿಗರ್‌ಗಳ ಪಟ್ಟಿಯಲ್ಲಿ "ಮರೆ" ಎಂದು ಬರೆದು ಬಿಟ್ಟರೆ ಸಾಲದು, ಅದರ ಜೊತೆಗಿನ ರೂಪವನ್ನೂ ಬರೆದಿಡಬೇಕು.

ಇದೇ "-ದ್ದು" ಒಂದು ತುಂಡನ್ನು ಬೇರೆಯಾಗಿ ಎತ್ತಿ ತೋರಿಸುವ ಸೀಳುವಾಕ್ಯದಲ್ಲೂ ಕೆಲಸ ಮಾಡುತ್ತದೆ. "ಕಿಟಕಿ ಒಡೆದದ್ದು ರವಿ" ಎಂದರೆ ಕಿಟಕಿಯನ್ನು ಯಾರೋ ಒಡೆದಿದ್ದಾರೆ ಎನ್ನುವುದು ಮೊದಲೇ ಇತ್ಯರ್ಥವಾಗಿದೆ, ಯಾರು ಎನ್ನುವುದಷ್ಟೇ ಹೊಸತು. "ಕಿಟಕಿ ಒಡೆದದ್ದು ರವಿ ಅಲ್ಲ" ಎಂದು ಅವನನ್ನು ಕಾಪಾಡಲು ಹೋದವರು ಕಿಟಕಿ ಒಡೆದಿರುವುದನ್ನು ಒಪ್ಪಿಕೊಂಡಾಯಿತು. "ರವಿ ಕಿಟಕಿ ಒಡೆದಿಲ್ಲ" ಎಂದವರು ಅಷ್ಟು ದೂರ ಹೋಗಿಲ್ಲ, ಕಿಟಕಿಯ ಗಾಜು ನೆಟ್ಟಗೇ ಇರಬಹುದು. "ಅಲ್ಲ" ಮತ್ತು "ಇಲ್ಲ" ನಡುವಿನ ಅಂತರ ನಮಗೆ ಬಾಲ್ಯದಿಂದ ರೂಢಿಯಾಗಿರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ, ಆದರೆ ವಿಶ್ಲೇಷಣೆಗೆ ಅದು ಬಹಳ ಉಪಕಾರಿ. ನಿಷೇಧ "ಅಲ್ಲ" ಎಂದು ಬಂದಿದ್ದರೆ, ಅದು ಯಾವ ತುಂಡನ್ನು ಮಾತ್ರ ನಿರಾಕರಿಸುತ್ತಿದೆ, ಉಳಿದದ್ದನ್ನು ಹೇಗೆ ಬಿಟ್ಟುಕೊಟ್ಟಿದೆ ಎಂದು ಮೊದಲು ನೋಡಿ.

ಮೂರನೆಯ ಹೆಜ್ಜೆ: ನಿಷೇಧ ಎಷ್ಟು ಅಗಲ ಎಂದು ಅಳೆಯಿರಿ

ಪರೀಕ್ಷೆ ಕೈಕೊಡುವುದು ಹೆಚ್ಚಾಗಿ ಇಲ್ಲಿ. "ರವಿಯೂ ಬಂದ" ಎಂದರೆ ರವಿಯಲ್ಲದೆ ಬೇರೆ ಯಾರೋ ಬಂದಿದ್ದಾರೆ ಎನ್ನುವುದು ಪೂರ್ವಗೃಹೀತ. ಇದಕ್ಕೆ ನಿಷೇಧ ಹಚ್ಚಿದರೆ "ರವಿಯೂ ಬರಲಿಲ್ಲ". ಇದರಲ್ಲಿ ಬೇರೆ ಯಾರೋ ಬಂದರು ಎನ್ನುವುದು ಉಳಿಯಿತೇ? ಇಲ್ಲ. ಬೇರೆ ಯಾರೋ ಕೂಡ ಬರಲಿಲ್ಲ ಎಂದು ಕೇಳುತ್ತದೆ. ನಾನು ಮೊದಲ ಸಲ ಈ ವಾಕ್ಯ ಬರೆದು ನೋಡಿದಾಗ "-ಊ" ಟ್ರಿಗರ್ ಅಲ್ಲವೆಂದೇ ತೀರ್ಮಾನಿಸಿ, ಆ ಪುಟ ಹೊಡೆದುಹಾಕಿದ್ದೆ. ಆದರೆ ಆಗಿರುವುದು ಬೇರೆ. "ರವಿಯೂ ಬರಲಿಲ್ಲ" ವಾಕ್ಯದಲ್ಲಿ "-ಊ" ನಿಷೇಧದ ಒಳಗಿಲ್ಲ, ಹೊರಗಿದೆ. "ಬರಲಿಲ್ಲ" ಎನ್ನುವ ಇಡೀ ಸಂಗತಿಯ ಮೇಲೆ ಕೂತು, ಅದೇ ಸಂಗತಿ ಇನ್ನೊಬ್ಬರಿಗೂ ಅನ್ವಯಿಸುತ್ತದೆ ಎನ್ನುತ್ತಿದೆ. ಒಳಗಿಲ್ಲದ್ದು ದಾಟುವ ಪ್ರಶ್ನೆಯೇ ಏಳುವುದಿಲ್ಲ.

ಇದಕ್ಕೆ ಪರಿಹಾರ ಸರಳ. ನಿಷೇಧವನ್ನು ವಾಕ್ಯದ ಹೊರಗಿಡಿ: "ರವಿಯೂ ಬಂದ ಅನ್ನುವುದು ನಿಜವಲ್ಲ." ಈಗ ಬೇರೆಯವರು ಬಂದಿದ್ದಾರೆ ಎನ್ನುವುದು ಮತ್ತೆ ಕಾಣಿಸಿಕೊಳ್ಳುತ್ತದೆ. ಬರವಣಿಗೆಯಲ್ಲಿ ಇದು ಒರಟಾಗಿ ಕೇಳುತ್ತದೆ, ಆದರೆ ಪರೀಕ್ಷೆಗೆ ಇದೇ ಬೇಕು. "ಮತ್ತೆ" ಇದ್ದಲ್ಲೂ ಎಚ್ಚರ ಇರಲಿ. "ಅವನು ಮತ್ತೆ ಬರಲಿಲ್ಲ" ಎನ್ನುವುದಕ್ಕೆ ಒಮ್ಮೆ ಬಂದವನು ಇನ್ನೊಮ್ಮೆ ಬರಲಿಲ್ಲ ಎನ್ನುವ ಅರ್ಥವೂ ಇದೆ, ಮೊದಲೂ ಬಂದಿರಲಿಲ್ಲ ಈಗಲೂ ಬರಲಿಲ್ಲ ಎನ್ನುವ ಅರ್ಥವೂ ಇದೆ. ಯಾವ ಅರ್ಥವನ್ನು ಪರೀಕ್ಷಿಸುತ್ತಿದ್ದೀರಿ ಎಂದು ಬರೆದಿಟ್ಟುಕೊಳ್ಳದಿದ್ದರೆ ಫಲಿತಾಂಶಕ್ಕೆ ಬೆಲೆಯಿಲ್ಲ. ಹಾಗೆಯೇ "ಯಾರೂ", "ಒಬ್ಬನೂ", "ಬಂದರೂ" ಇವುಗಳಲ್ಲಿರುವ "-ಊ" ಈ ಸೇರಿಸುವ "-ಊ" ಮಾಡುವ ಕೆಲಸ ಮಾಡುವುದಿಲ್ಲ. ಅವನ್ನು ಬೇರೆಯಾಗಿಡಿ.

ಇನ್ನೊಂದು ಬಗೆಯ ನಿಷೇಧ ಪೂರ್ವಗೃಹೀತವನ್ನೇ ಕಿತ್ತುಹಾಕುತ್ತದೆ: "ಗೀತಾ ಡೈರಿ ಬರೆಯುವುದನ್ನೇನೂ ನಿಲ್ಲಿಸಿಲ್ಲ, ಅವಳು ಯಾವತ್ತೂ ಬರೆದೇ ಇಲ್ಲ!" ಹಾಗಾದರೆ ನಮ್ಮ ಪರೀಕ್ಷೆ ಬಿದ್ದುಹೋಯಿತೇ? ಇಲ್ಲ. ಈ ವಾಕ್ಯ ಬದುಕಿರುವುದು ಕೊನೆಗೆ ಬಂದ ತುಂಡಿನ ಬಲದಿಂದ. ಆ ತುಂಡು ತೆಗೆದರೆ ಹಿಂದೆ ಬರೆಯುತ್ತಿದ್ದಳು ಎನ್ನುವ ಅರ್ಥ ಕೂಡಲೇ ಮರಳುತ್ತದೆ. ಇದು ಯಾರೋ ಈಗಾಗಲೇ "ನಿಲ್ಲಿಸಿದಳಂತೆ" ಎಂದಾಗ ಅವರ ಮಾತನ್ನೇ ಎತ್ತಿ ತಳ್ಳಿಹಾಕುವ ನಿಷೇಧ. ಇದನ್ನು ಗುರುತಿಸುವ ಉಪಾಯವೊಂದಿದೆ. ನಿಷೇಧವಿಲ್ಲದ ರೂಪಕ್ಕೆ ಅದೇ ತುಂಡು ಹಚ್ಚಿ ನೋಡಿ: "ಗೀತಾ ಡೈರಿ ಬರೆಯುವುದನ್ನು ನಿಲ್ಲಿಸಿದಳು, ಅವಳು ಯಾವತ್ತೂ ಬರೆದೇ ಇಲ್ಲ." ಇದು ನೇರ ವಿರೋಧ, ಯಾವ ಸಂದರ್ಭದಲ್ಲೂ ಸರಿಹೋಗದು.

ಪ್ರಶ್ನೆಯಲ್ಲಿ

ಪ್ರಶ್ನೆಯಲ್ಲಿ ಪೂರ್ವಗೃಹೀತ ದಾಟುವುದು ಅತ್ಯಂತ ಸಲೀಸು, ತೊಡಕು ಕಡಿಮೆ. ಅದಕ್ಕೇ ಅಪಾಯ ಹೆಚ್ಚು. ಎಲಿಜಬೆತ್ ಲಾಫ್ಟಸ್ ಮತ್ತು ಗೈಡೋ ಜಾನಿ 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರಿಗೆ ಕಾರು ಅಪಘಾತದ ಚಿಕ್ಕ ಚಲನಚಿತ್ರ ತೋರಿಸಿ, ಕೆಲವರಿಗೆ ಯಾವುದಾದರೂ ಒಡೆದ ಹೆಡ್‌ಲೈಟ್ ನೋಡಿದಿರಾ ಎಂದೂ, ಕೆಲವರಿಗೆ ನಿರ್ದಿಷ್ಟವಾಗಿ ಆ ಒಡೆದ ಹೆಡ್‌ಲೈಟ್ ನೋಡಿದಿರಾ ಎಂಬರ್ಥದಲ್ಲೂ ಕೇಳಿದರು. ಇಂಗ್ಲಿಷಿನಲ್ಲಿ ವ್ಯತ್ಯಾಸ ಒಂದು ಪುಟ್ಟ ಪದದ್ದು, "a" ಬದಲು "the". ನಿರ್ದಿಷ್ಟ ರೂಪದಲ್ಲಿ ಕೇಳಿಸಿಕೊಂಡವರು ಚಿತ್ರದಲ್ಲಿ ಇರದೇ ಇದ್ದ ವಸ್ತುವನ್ನೂ ನೋಡಿದೆವು ಎಂದದ್ದು ಹೆಚ್ಚು, ಗೊತ್ತಿಲ್ಲ ಎಂದದ್ದು ಕಡಿಮೆ.

ಕನ್ನಡದಲ್ಲಿ ಆ ಪುಟ್ಟ ಪದವಿಲ್ಲ. ಆದರೆ ಅದೇ ಕೆಲಸವನ್ನು "-ದ್ದು" ಮಾಡುತ್ತದೆ. "ಹೆಡ್‌ಲೈಟ್ ಒಡೆದದ್ದನ್ನು ನೋಡಿದಿರಾ?" ಎನ್ನುವ ಪ್ರಶ್ನೆಗೆ "ಹೌದು" ಎಂದರೂ "ಇಲ್ಲ" ಎಂದರೂ ಹೆಡ್‌ಲೈಟ್ ಒಡೆದಿತ್ತು ಎಂದು ಒಪ್ಪಿಕೊಂಡಂತೆ. "ಹೆಡ್‌ಲೈಟ್ ಒಡೆದಿತ್ತಾ?" ಎನ್ನುವುದು ನಿಷ್ಪಕ್ಷಪಾತ ಪ್ರಶ್ನೆ. ಪ್ರಶ್ನಾವಳಿ ಬರೆಯುವವರು, ಸಂದರ್ಶನ ಮಾಡುವವರು ಪ್ರತಿ ಪ್ರಶ್ನೆಗೂ "ಇಲ್ಲ" ಎಂಬ ಉತ್ತರ ಕೊಟ್ಟು ನೋಡಬೇಕು. "ಇಲ್ಲ" ಎಂದಮೇಲೂ ಉತ್ತರಿಸಿದವರ ತಲೆಯ ಮೇಲೆ ಏನಾದರೂ ಉಳಿದರೆ ಆ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು: ಮೊದಲು ಅದು ಆಯಿತೇ ಎಂದು, ಆಯಿತು ಎಂದರೆ ಮಾತ್ರ ನೋಡಿದಿರೇ ಎಂದು.

"-ಆ" ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. "ರವಿ ಕಿಟಕಿ ಒಡೆದನಾ?" ಪ್ರಶ್ನೆ ಮುಕ್ತವಾಗಿದೆ. "ಕಿಟಕಿ ಒಡೆದದ್ದು ರವಿಯಾ?" ಎಂದಾಗ ಕಿಟಕಿ ಒಡೆದಾಗಿದೆ.

ಷರತ್ತಿನಲ್ಲಿ: ತೂತೋ ಜರಡಿಯೋ

ಲೌರಿ ಕಾರ್ಟುನೆನ್ 1973ರಲ್ಲಿ ಒಂದು ಒಳ್ಳೆಯ ವಿಂಗಡಣೆ ಮಾಡಿದರು. ಕೆಲವು ರಚನೆಗಳು ತೂತಿನಂತೆ, ಒಳಗಿನ ಪೂರ್ವಗೃಹೀತವನ್ನು ಹಾಗೇ ಹೊರಬಿಡುತ್ತವೆ. ನಿಷೇಧ ಅಂಥದ್ದು. ಕೆಲವು ಬಿರಡೆಯಂತೆ ಮುಚ್ಚಿಬಿಡುತ್ತವೆ. "ಹೇಳು" ಥರದ ಕ್ರಿಯಾಪದಗಳನ್ನು ಅವರು ಆ ಗುಂಪಿಗೆ ಸೇರಿಸಿದರು. ಷರತ್ತು ಜರಡಿಯಂತೆ, ಕೆಲವನ್ನು ಬಿಟ್ಟು ಕೆಲವನ್ನು ಹಿಡಿದಿಡುತ್ತದೆ.

ಮೊದಲು ಟ್ರಿಗರ್ ಎಲ್ಲಿದೆ ನೋಡಿ. ಅದು "-ರೆ" ಇರುವ ಭಾಗದಲ್ಲೇ ಇದ್ದರೆ ಪೂರ್ವಗೃಹೀತ ನೇರ ಹೊರಬರುತ್ತದೆ. "ನಿಲ್ಲಿಸಿದ್ದರೆ ನನಗೆ ಬೇಸರವಾಗುತ್ತದೆ" ಎನ್ನುವುದರಲ್ಲಿ ಅದನ್ನು ಕಂಡಿದ್ದೇವೆ. ಟ್ರಿಗರ್ ಎರಡನೆಯ ಭಾಗದಲ್ಲಿದ್ದರೆ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮೊದಲ ಭಾಗ ನಿಜವೆಂದುಕೊಂಡರೆ ಈ ಪೂರ್ವಗೃಹೀತ ಅದರಿಂದಲೇ ಸಿಕ್ಕಿಬಿಡುತ್ತದೆಯೇ? ಸಿಕ್ಕರೆ ಜರಡಿ ಅದನ್ನು ಹಿಡಿದಿಟ್ಟಿತು. ಸಿಗದಿದ್ದರೆ ಅದು ಹೊರಬರುತ್ತದೆ.

"ಗೀತಾ ಬಂದರೆ ರವಿಯೂ ಬರುತ್ತಾನೆ." ಇದನ್ನು ಹೇಳಿದವರು ಯಾರಾದರೂ ಬರುತ್ತಾರೆ ಎಂದು ಹೇಳಿದ್ದಾರೆಯೇ? ಇಲ್ಲ. ಕೊನೆಗೆ ಒಬ್ಬರೂ ಬರದಿದ್ದರೂ ಈ ಮಾತು ತಪ್ಪಾಗುವುದಿಲ್ಲ. "-ಊ" ಕೇಳುತ್ತಿದ್ದ ಇನ್ನೊಬ್ಬರನ್ನು "ಗೀತಾ ಬಂದರೆ" ಒದಗಿಸಿತು. "ಮಳೆ ನಿಂತರೆ ರವಿಯೂ ಬರುತ್ತಾನೆ" ಎಂದು ನೋಡಿ. ಮಳೆ ನಿಲ್ಲುವುದರಿಂದ ಯಾರೂ ಬಂದಂತಾಗುವುದಿಲ್ಲ. ಹಾಗಾಗಿ ಬೇರೆ ಯಾರೋ ಬರುವವರಿದ್ದಾರೆ ಎನ್ನುವುದು ಹೊರಬರುತ್ತದೆ, ಕೇಳಿದವರು "ಇನ್ಯಾರು ಬರ್ತಿದ್ದಾರೆ?" ಎಂದು ಕೇಳುತ್ತಾರೆ. ಆ ಮರುಪ್ರಶ್ನೆ ಸಹಜವಾಗಿ ಬಂದರೆ ದಾಟಿದೆ, ಬರದಿದ್ದರೆ ಸೋಸಿಹೋಗಿದೆ. ಇಷ್ಟು ಸಣ್ಣ ಅಳತೆಗೋಲು ಬಹಳ ದೂರ ನಡೆಸುತ್ತದೆ.

ಗೀತಾಳ ಡೈರಿಗೂ ಅಷ್ಟೇ. "ಗೀತಾ ಹಿಂದೆ ಡೈರಿ ಬರೆಯುತ್ತಿದ್ದರೆ, ಈಗ ನಿಲ್ಲಿಸಿರಬೇಕು" ಎಂದವರು ಅವಳು ಬರೆಯುತ್ತಿದ್ದಳೆಂದು ಒಪ್ಪಿಲ್ಲ. "ಗೀತಾಗೆ ಹೊಸ ಕೆಲಸ ಸಿಕ್ಕಿದ್ದರೆ, ಡೈರಿ ಬರೆಯುವುದನ್ನು ನಿಲ್ಲಿಸಿರಬೇಕು" ಎಂದವರು ಒಪ್ಪಿದ್ದಾರೆ.

ಒಂದು ಇಕ್ಕಟ್ಟನ್ನು ಇಲ್ಲಿ ಬಿಚ್ಚಿಡಬೇಕು. ಕೆಲವು ಪ್ರಮುಖ ಸಿದ್ಧಾಂತಗಳ ಪ್ರಕಾರ ಈ ಕೊನೆಯ ವಾಕ್ಯದಿಂದ ಹೊರಬರಬೇಕಾದದ್ದು "ಹೊಸ ಕೆಲಸ ಸಿಕ್ಕಿದ್ದರೆ, ಅವಳು ಹಿಂದೆ ಡೈರಿ ಬರೆಯುತ್ತಿದ್ದಳು" ಎಂಬ ವಿಚಿತ್ರ ಷರತ್ತು. ನಮಗೆ ಕೇಳುವುದು ಷರತ್ತಿಲ್ಲದ "ಬರೆಯುತ್ತಿದ್ದಳು". ಬಾರ್ಟ್ ಗುರ್ಟ್ಸ್ 1996ರಲ್ಲಿ ಇದಕ್ಕೆ ಪ್ರೊವೈಸೋ ಸಮಸ್ಯೆ ಎಂದು ಹೆಸರಿಟ್ಟರು. ಆದರೆ ಷರತ್ತಿನ ಪೂರ್ವಗೃಹೀತ ನಿಜವಾಗಿಯೂ ಕೇಳುವ ವಾಕ್ಯಗಳೂ ಇವೆ. "ರವಿ ಫೋಟೋಗ್ರಾಫರ್ ಆಗಿದ್ದರೆ, ತನ್ನ ಕ್ಯಾಮೆರಾ ತರುತ್ತಾನೆ" ಎಂದಾಗ ನಾವು ಒಪ್ಪುವುದು ಫೋಟೋಗ್ರಾಫರ್ ಆದವನ ಬಳಿ ಕ್ಯಾಮೆರಾ ಇರುತ್ತದೆ ಎಂದಷ್ಟೇ. "ರವಿಗೆ ಬೇಜಾರಾಗಿದ್ದರೆ, ತನ್ನ ಕ್ಯಾಮೆರಾ ತರುತ್ತಾನೆ" ಎಂದರೆ ಅವನ ಬಳಿ ಕ್ಯಾಮೆರಾ ಇದೆ. ನನ್ನ ರೂಢಿ ಹೀಗಿದೆ: ಮೊದಲ ಭಾಗಕ್ಕೂ ಪೂರ್ವಗೃಹೀತಕ್ಕೂ ಲೋಕದಲ್ಲಿ ನಂಟಿದ್ದರೆ ಷರತ್ತಿನ ರೂಪವನ್ನು ಬರೆದುಕೊಳ್ಳುತ್ತೇನೆ, ನಂಟಿಲ್ಲದಿದ್ದರೆ ನೇರ ರೂಪವನ್ನು. ಇದು ಕೆಲಸ ನಡೆಸುವ ರೂಢಿ ಮಾತ್ರ, ಸಮಸ್ಯೆ ಇದರಿಂದ ಪರಿಹಾರವಾಗುವುದಿಲ್ಲ.

"-ರೆ" ಭಾಗದಲ್ಲೂ ಒಂದು ಅಪವಾದ ಇದೆ. "ನಾನು ತಪ್ಪು ಮಾಡಿದ್ದೇನೆ ಅಂತ ಮುಂದೆ ಗೊತ್ತಾದರೆ, ಒಪ್ಪಿಕೊಳ್ಳುತ್ತೇನೆ" ಎಂದವರು ತಪ್ಪು ಮಾಡಿದ್ದೇನೆ ಎಂದು ಈಗಲೇ ಒಪ್ಪಿಲ್ಲ. ತನಗೇ ಇನ್ನೂ ಗೊತ್ತಾಗದ್ದನ್ನು ಒಪ್ಪಿತವೆಂದು ಹಿಡಿಯುವುದು ಸಾಧ್ಯವಿಲ್ಲವಲ್ಲ. ಅದೇ "ನಾನು ತಪ್ಪು ಮಾಡಿದ್ದಕ್ಕೆ ಮುಂದೆ ಪಶ್ಚಾತ್ತಾಪಪಟ್ಟರೆ" ಎಂದರೆ ತಪ್ಪು ಆಗಿದೆ. "ಗೊತ್ತಾಗು", "ತಿಳಿದುಬರು" ಇವುಗಳ ಹಿಡಿತ ಸಡಿಲ, "ಪಶ್ಚಾತ್ತಾಪಪಡು" ಬಿಗಿ.

ಒಂದು ವಾಕ್ಯ, ಮೊದಲಿಂದ ಕೊನೆಯವರೆಗೆ

"ಕೀಲಿ ಕಳೆದದ್ದು ಅಪ್ಪನಿಗೆ ಗೊತ್ತಾದರೆ, ಅಣ್ಣ ಮತ್ತೆ ಬೈಸಿಕೊಳ್ಳುತ್ತಾನೆ."

ಟ್ರಿಗರ್‌ಗಳು ಎರಡು ಕಾಣುತ್ತವೆ. "ಕಳೆದದ್ದು" ಕೀಲಿ ಕಳೆದಿದೆ ಎನ್ನುವುದನ್ನು ಹೊತ್ತಿದೆ. "ಮತ್ತೆ" ಅಣ್ಣ ಮೊದಲೊಮ್ಮೆ ಬೈಸಿಕೊಂಡಿದ್ದಾನೆ ಎನ್ನುವುದನ್ನು ಹೊತ್ತಿದೆ. ಮೊದಲನೆಯದು "-ರೆ" ಭಾಗದಲ್ಲಿದೆ. "ಗೊತ್ತಾಗು" ಸಡಿಲ ಎಂದೆವು, ಆದರೆ ಇಲ್ಲಿ ಗೊತ್ತಾಗಬೇಕಾದವರು ಅಪ್ಪ, ಹೇಳುತ್ತಿರುವವರು ಬೇರೆ. ಹೇಳುವವರಿಗೆ ಕೀಲಿಯ ಕಥೆ ಗೊತ್ತೇ ಇದೆ. ಮೇಲಾಗಿ "-ದ್ದು" ಇದೆ. ಹಾಗಾಗಿ ಕೀಲಿ ಕಳೆದಿದೆ ಎನ್ನುವುದು ಹೊರಬರುತ್ತದೆ. ಎರಡನೆಯದು ಎರಡನೆಯ ಭಾಗದಲ್ಲಿದೆ. ಅಪ್ಪನಿಗೆ ಗೊತ್ತಾಗುವುದರಿಂದ ಅಣ್ಣ ಹಿಂದೆ ಬೈಸಿಕೊಂಡದ್ದು ಸಿಗುತ್ತದೆಯೇ? ಇಲ್ಲ. ಅದೂ ಹೊರಬರುತ್ತದೆ. ಈ ಅಣ್ಣನ ಬಗ್ಗೆ ಏನೂ ಗೊತ್ತಿಲ್ಲದವರು ಇದನ್ನು ಕೇಳಿದರೆ ಸಾಮಾನ್ಯವಾಗಿ ತಕರಾರು ಮಾಡದೆ, ಹಿಂದೊಮ್ಮೆ ಬೈಸಿಕೊಂಡಿರಬೇಕು ಎಂದು ತಾವೇ ಜೋಡಿಸಿಕೊಂಡು ಮುಂದೆ ಹೋಗುತ್ತಾರೆ. ಕೇಳುಗರ ಈ ಹೊಂದಾಣಿಕೆಗೆ ಡೇವಿಡ್ ಲೂಯಿಸ್ 1979ರಲ್ಲಿ ಅಕಾಮಡೇಶನ್ ಎಂಬ ಹೆಸರು ಕೊಟ್ಟರು.

ಈಗ ಮೊದಲ ಭಾಗ ಬದಲಿಸಿ: "ಅಣ್ಣ ಹೋದ ವಾರ ಬೈಸಿಕೊಂಡಿದ್ದರೆ, ಈ ವಾರ ಮತ್ತೆ ಬೈಸಿಕೊಳ್ಳುತ್ತಾನೆ." ಟ್ರಿಗರ್ ಅದೇ, ಜಾಗ ಅದೇ, ಆದರೆ "ಮತ್ತೆ" ಕೇಳಿದ್ದು ಮೊದಲ ಭಾಗದಲ್ಲೇ ಸಿಕ್ಕಿತು. ಹಿಂದೆ ಬೈಸಿಕೊಂಡಿದ್ದಾನೆ ಎಂದು ಹೇಳುವವರು ಈಗ ಒಪ್ಪಬೇಕಾಗಿಲ್ಲ.

ಕೊನೆಗೆ ಮೂಲ ವಾಕ್ಯವನ್ನೇ ಪ್ರಶ್ನೆ ಮಾಡಿ: "ಕೀಲಿ ಕಳೆದದ್ದು ಅಪ್ಪನಿಗೆ ಗೊತ್ತಾದರೆ, ಅಣ್ಣ ಮತ್ತೆ ಬೈಸಿಕೊಳ್ಳುತ್ತಾನಾ?" ಷರತ್ತು ದಾಟಿ ಬಂದ ಎರಡೂ ಸಂಗತಿ ಪ್ರಶ್ನೆಯನ್ನೂ ದಾಟುತ್ತವೆ. ಇದಕ್ಕೆ ತಂಗಿ "ಇಲ್ಲ" ಎಂದಳು ಎಂದುಕೊಳ್ಳಿ. ಅಣ್ಣನಿಗೆ ಈ ಸಲದ ಬೈಗುಳ ತಪ್ಪುತ್ತದೆ ಎಂದಳಷ್ಟೇ. ಕೀಲಿ ಕಳೆದೇ ಇದೆ, ಹಿಂದೊಮ್ಮೆ ಬೈಸಿಕೊಂಡದ್ದೂ ಹಾಗೇ ಇದೆ.